ಬ್ಯಾರಕ್ ಮಾತು, ಸಾವಿನೆದುರಿನ ನಗು: ಪದೇ ಪದೇ ಕೇಳುವ ಪ್ರಶ್ನೆಗಳು

ಸೈನಿಕರ ಒರಟು ಮಾತಿನ ಬಗ್ಗೆ ನಾನು ಎಲ್ಲಿ ಮಾತಾಡಿದರೂ, ಯಾರ ಪತ್ರ ಬಂದರೂ, ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಇವೇ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಉದಾಹರಣೆಗಳು ಬಹುಪಾಲು 1914ರಿಂದ 1918ರವರೆಗಿನ ಮೊದಲ ಮಹಾಯುದ್ಧದವು. ಫ್ರಾನ್ಸ್, ಬೆಲ್ಜಿಯಂ ನೆಲದ ಕಂದಕಗಳಲ್ಲಿ ಕೂತಿದ್ದ ಬ್ರಿಟಿಷ್ ಸೈನಿಕರ ಮಾತುಗಳು. ಅದೇ ಯುದ್ಧದಲ್ಲಿ ಕಾಲಾಳುಗಳಾಗಿದ್ದ ಜಾನ್ ಬ್ರೋಫಿ, ಎರಿಕ್ ಪಾರ್ಟ್ರಿಜ್ ಎಂಬಿಬ್ಬರು 1930ರಲ್ಲಿ ಈ ಮಾತುಗಳನ್ನು ಕೂಡಿಹಾಕಿ ಅಚ್ಚು ಮಾಡಿಸಿದರು. ಹಾಗಾಗಿ ನಮಗೆ ಆ ಸೈನಿಕರ ಮಾತು ತಕ್ಕಮಟ್ಟಿಗೆ ಸ್ಪಷ್ಟವಾಗಿ ಕೇಳಿಸುತ್ತದೆ.

## ಮೊದಲು ತಿಳಿಯಬೇಕಾದ್ದು

ಬ್ಯಾರಕ್ ಭಾಷೆ ಅಂದ್ರೆ ಬರೀ ಬೈಗುಳ ತಾನೆ?

ಅಲ್ಲ. ಬೈಗುಳ ಅದರ ಒಂದು ಭಾಗ ಅಷ್ಟೇ. ಜಾಸ್ತಿ ಪದಗಳು ದಿನದ ಬಳಕೆಯವು. ತಿನ್ನುವ ಡಬ್ಬಿ ಮಾಂಸ, ಕಚ್ಚುವ ಹೇನು, ತಲೆ ಮೇಲೆ ಬೀಳುವ ಶೆಲ್, ಬೆನ್ನ ಹಿಂದೆ ಕೂತ ಅಧಿಕಾರಿ, ಇವಕ್ಕೆಲ್ಲ ಸೈನಿಕರು ಇಟ್ಟ ಹೆಸರುಗಳು.

ಈ ಹೆಸರುಗಳು ತಮಾಷೆಗೆ ಮಾತ್ರ ಇದ್ದವು ಅಂದುಕೊಳ್ಳಬೇಡಿ. ಶೆಲ್‌ಗಳ ಹೆಸರನ್ನೇ ನೋಡಿ. ಜರ್ಮನರ 77 ಮಿಲಿಮೀಟರ್ ಫಿರಂಗಿಯ ಗುಂಡಿಗೆ 'ವಿಜ್-ಬ್ಯಾಂಗ್' ಅಂತ ಹೆಸರು. 'ವಿಜ್' ಅಂದರೆ ಅದು ಹಾರಿ ಬರುವ ಸದ್ದು, 'ಬ್ಯಾಂಗ್' ಅಂದರೆ ಸಿಡಿಯುವ ಸದ್ದು. ಎರಡರ ನಡುವೆ ಸಮಯವೇ ಇಲ್ಲ, ಬಗ್ಗುವಷ್ಟರಲ್ಲಿ ಮುಗಿದಿರುತ್ತದೆ ಎಂದು ಆ ಹೆಸರೇ ಹೇಳುತ್ತದೆ. ದೊಡ್ಡದಾಗಿ ಸಿಡಿದು ಕಪ್ಪು ಹೊಗೆ ಎಬ್ಬಿಸುತ್ತಿದ್ದ ಭಾರದ ಶೆಲ್‌ಗೆ 'ಜ್ಯಾಕ್ ಜಾನ್ಸನ್' ಅಂದರು. ಆ ಕಾಲದ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಆಗಿದ್ದ ಅಮೆರಿಕದ ಕಪ್ಪು ಜನಾಂಗದವನ ಹೆಸರು ಅದು. 'ಮಿನ್ನಿ' ಅಂದರೆ ಜರ್ಮನರ ಮೀನೆನ್‌ವೆರ್ಫರ್ ಎಂಬ ಮೋರ್ಟರ್ ಫಿರಂಗಿ ಉಡಾಯಿಸುವ ಬಾಂಬು. ಅದು ನಿಧಾನವಾಗಿ ಉರುಳುತ್ತಾ ಬರುವುದು ಕಣ್ಣಿಗೆ ಕಾಣಿಸುತ್ತಿತ್ತು. ಯಾರಾದರೂ "ಮಿನ್ನಿ!" ಎಂದು ಕೂಗಿದರೆ ತಲೆ ಎತ್ತಿ ನೋಡಿ, ಕಂದಕದಲ್ಲಿ ಎಡಕ್ಕೋ ಬಲಕ್ಕೋ ಓಡಬಹುದಿತ್ತು. ಹೊಸಬ ಈ ಪದಗಳನ್ನು ಕಲಿತ ಅಂದರೆ ಬದುಕಲು ಬೇಕಾದ ಪಾಠವನ್ನೂ ಕಲಿತ ಎಂದೇ ಲೆಕ್ಕ.

'ಬ್ಲೈಟಿ' ಅನ್ನೋ ಪದ ಹಿಂದೂಸ್ತಾನಿಯಿಂದ ಹೋಗಿದ್ದಂತೆ, ನಿಜವಾ?

ನಿಜ. ಮೂಲ 'ವಿಲಾಯತಿ'. ಹಿಂದೂಸ್ತಾನಿ ಬಾಯಲ್ಲಿ ಅದು 'ಬಿಲಾಯತಿ'. ನಮಗೆ ಅದು ಪರದೇಶದ್ದು, ಮುಖ್ಯವಾಗಿ ಇಂಗ್ಲೆಂಡಿನದು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು ಈ ಪದವನ್ನು ಕೇಳಿ ಕೇಳಿ ತಮ್ಮ ಊರಿಗೇ ಆ ಹೆಸರಿಟ್ಟುಕೊಂಡರು. ಇನ್ನೊಬ್ಬರು ನಮ್ಮ ಮನೆಯನ್ನು 'ಹೊರದೇಶ' ಅಂತ ಕರೆದ ಪದವನ್ನೇ ತಗೊಂಡು, ಮನೆಯ ನೆನಪಿಗೆ ಪ್ರೀತಿಯ ಹೆಸರಾಗಿ ಇಟ್ಟುಕೊಳ್ಳೋದು ಅಪರೂಪದ ಸಂಗತಿ. ನನಗೆ ಈ ಪದದ ಮೇಲೆ ಅಷ್ಟು ಮೋಹ ಅದಕ್ಕೇ.

ಹೀಗೆ ಹೋದ ಪದ ಇದೊಂದೇ ಅಲ್ಲ. ಸುಲಭದ ಕೆಲಸ 'ಕುಶಿ', ಅದು 'ಖುಷಿ'ಯಿಂದ ಬಂದದ್ದು. ಒಮ್ಮೆ ಕಣ್ಣು ಹಾಯಿಸೋದು 'ಡೆಕ್ಕೋ', ಅದು 'ದೇಖೋ'. ಪುಕ್ಕಟೆ ಸಿಕ್ಕಿದ್ದು 'ಬಕ್‌ಶೀ', ಅದು 'ಬಕ್ಷೀಸು'. ಅಡುಗೆ ಮಾಡುವ ದೊಡ್ಡ ಪಾತ್ರೆ 'ಡಿಕ್ಸಿ', ಅದು 'ದೇಗ್ಚಿ'. ತಲೆ ಕೆಟ್ಟವನಿಗೆ 'ಡೂಲಾಲಿ' ಅನ್ನುತ್ತಿದ್ದರು. ಅದು ನಾಸಿಕದ ಹತ್ತಿರದ ದೇವಳಾಲಿ ಸೇನಾ ಶಿಬಿರದ ಹೆಸರು. ಸೇವೆ ಮುಗಿಸಿದವರು ಊರಿಗೆ ಹೋಗುವ ಹಡಗಿಗಾಗಿ ಅಲ್ಲಿ ಕಾಯುತ್ತಿದ್ದರು. ಕೆಲಸವಿಲ್ಲ, ಸೆಕೆ ಜಾಸ್ತಿ, ಹಡಗಿನ ಸುಳಿವಿಲ್ಲ. ಕಾದು ಕಾದು ಮಂಕಾದವನಿಗೆ ಆ ಊರಿನ ಹೆಸರೇ ಅಂಟಿಕೊಂಡಿತು.

ಊರುಗಳ ಹೆಸರನ್ನು ಯಾಕೆ ಹಾಗೆ ಕೆಡಿಸಿದರು? ಉಚ್ಚಾರ ಬರದೇ ಇದ್ದಿದ್ದಕ್ಕಾ?

ಶುರುವಿನಲ್ಲಿ ಉಚ್ಚಾರ ಬರದೇ ಇದ್ದದ್ದೇ ಕಾರಣ. ಬೆಲ್ಜಿಯಂನ 'ಈಪ್ರ' ಎಂಬ ಊರು 'ವೈಪರ್ಸ್' ಆಯಿತು. 'ಪ್ಲೋಗ್‌ಸ್ಟೇರ್ಟ್' ಎಂಬುದು 'ಪ್ಲಗ್ ಸ್ಟ್ರೀಟ್' ಆಯಿತು. 'ಓಶೋನ್‌ವಿಲೇ' ಎಂಬ ಹಳ್ಳಿಗೆ 'ಓಷನ್ ವಿಲ್ಲಾಸ್' ಅಂದರು, ಸಮುದ್ರದ ದಂಡೆಯ ಬಂಗಲೆಗಳು ಅಂತ ಅರ್ಥ. ಆ ಹಳ್ಳಿ ಶೆಲ್ ದಾಳಿಗೆ ಸಿಕ್ಕಿದ್ದ ಯುದ್ಧರಂಗದ ಜಾಗ. ಹತ್ತಿರದಲ್ಲಿ ಸಮುದ್ರವೂ ಇಲ್ಲ, ವಾಸ ಮಾಡಲು ಬಂಗಲೆಯೂ ಇಲ್ಲ. ಅಲ್ಲಿಗೆ ಬರುವ ಹೊತ್ತಿಗೆ ಉಚ್ಚಾರದ ತೊಡಕು ಜೋಕಾಗಿ ತಿರುಗಿತ್ತು.

ಫ್ರೆಂಚ್ ಮಾತಿಗೂ ಇದೇ ಗತಿಯಾಯಿತು. 'ಇನ್ನು ಇಲ್ಲ' ಎನ್ನುವ ಫ್ರೆಂಚ್ ಮಾತು ಇವರ ಬಾಯಲ್ಲಿ 'ನಾಪೂ' ಆಯಿತು. ಅಂಗಡಿಯಲ್ಲಿ ಮೊಟ್ಟೆ ಮುಗಿದರೂ ನಾಪೂ, ಕೈಯಲ್ಲಿದ್ದ ದುಡ್ಡು ಖರ್ಚಾದರೂ ನಾಪೂ, ಪಕ್ಕದಲ್ಲಿದ್ದವನು ಸತ್ತರೂ ನಾಪೂ.

ಗಲ್ಲುಗಂಬದ ಹಾಸ್ಯ ಅಂದ್ರೇನು? ಮಾಮೂಲಿ ಜೋಕಿಗೂ ಅದಕ್ಕೂ ಏನು ವ್ಯತ್ಯಾಸ?

ಈ ಹೆಸರು ಜರ್ಮನ್ ಮಾತಿನಿಂದ ಬಂದದ್ದು. ಮನೋವಿಶ್ಲೇಷಕ ಫ್ರಾಯ್ಡ್ ಕೊಟ್ಟ ಉದಾಹರಣೆ ಪ್ರಸಿದ್ಧ. ಸೋಮವಾರ ಬೆಳಿಗ್ಗೆ ಒಬ್ಬನನ್ನು ಗಲ್ಲಿಗೆ ಕರೆದೊಯ್ಯುತ್ತಿದ್ದಾರೆ. ಅವನು "ಈ ವಾರ ಚೆನ್ನಾಗೇ ಶುರುವಾಯ್ತು" ಅನ್ನುತ್ತಾನೆ.

ಇಲ್ಲಿ ಗಮನಿಸಬೇಕಾದ್ದು ಒಂದೇ. ಹಗ್ಗ ಯಾರ ಕೊರಳಿಗೆ ಬೀಳುತ್ತದೋ ಅವನೇ ಆ ಮಾತು ಹೇಳಿದ್ದಾನೆ. ಅದೇ ಮಾತನ್ನು ಗಲ್ಲಿಗೆ ಹಾಕುವವನು ಹೇಳಿದ್ದರೆ ಅದು ಕ್ರೌರ್ಯ. ಹತ್ತಿರ ನಿಂತು ನೋಡುವವನು ಹೇಳಿದ್ದರೆ ಚಪಲ. ಸೈನಿಕರ ನಗುವನ್ನು ತೂಗುವಾಗಲೆಲ್ಲ ನಾನು ಮೊದಲು ಕೇಳಿಕೊಳ್ಳೋದು ಇದನ್ನೇ: ಹೇಳಿದವನ ಕೊರಳಿಗೂ ಆ ಹಗ್ಗ ಇದೆಯಾ?

ಕಂದಕದಲ್ಲಿ ಎಲ್ಲರ ಕೊರಳಿಗೂ ಇತ್ತು. ಸತ್ತವನಿಗೆ 'ಜಮೀನ್ದಾರ ಆದ' ಅನ್ನುತ್ತಿದ್ದರು, ಅವನಿಗೆ ಫ್ರಾನ್ಸಿನಲ್ಲಿ ಆರಡಿ ನೆಲ ಸಿಕ್ಕಿತಲ್ಲ ಅಂತ. ಮೆಷಿನ್ ಗನ್ ದಳದವರಿಗೆ 'ಆತ್ಮಹತ್ಯೆ ಕ್ಲಬ್' ಎಂದು ಹೆಸರು. ಗಾಯಾಳುಗಳನ್ನು ಹೊರುವವರು 'ಹೆಣಗಳ್ಳರು'. ಕಂದಕದ ಮಣ್ಣಿನಿಂದ ಹೊರಚಾಚಿದ ಹೆಣದ ಕೈಯನ್ನು ಕುಲುಕಿ ಮುಂದೆ ಹೋಗುತ್ತಿದ್ದರು ಎಂಬ ನೆನಪುಗಳೂ ಇವೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಆ ಕೈಯನ್ನು ದಿನಕ್ಕೆ ಹತ್ತು ಸಲ ದಾಟಿ ಓಡಾಡಬೇಕಿತ್ತು. ಅದನ್ನು ತೆಗೆಯೋಣ ಅಂದರೆ ಗೋಡೆಯೇ ಕುಸಿಯಬಹುದಿತ್ತು. ನೋಡದ ಹಾಗೆ ಇರೋಕಾಗಲ್ಲ, ನೋಡುತ್ತಲೂ ಇರೋಕಾಗಲ್ಲ. ಕೈಕುಲುಕಿ ಒಂದು ಮಾತಾಡಿದರೆ ದಾಟಿ ಹೋಗಬಹುದು.

## ಒಳಗೆ ಇಳಿದು ನೋಡಿದರೆ

ಗಾಯ ಆಯ್ತು ಅಂತ ಖುಷಿ ಪಡ್ತಿದ್ರಂತೆ. ಅದು ಹೇಗೆ ಸಾಧ್ಯ?

'ಬ್ಲೈಟಿ ಒನ್' ಅಂತ ಒಂದು ಮಾತಿತ್ತು. ಊರಿಗೆ ಕಳಿಸುವಷ್ಟು ದೊಡ್ಡದಾದ, ಕೊಲ್ಲುವಷ್ಟು ಅಥವಾ ಕೈಕಾಲು ಕೀಳುವಷ್ಟು ದೊಡ್ಡದಲ್ಲದ ಗಾಯ. ಇದೊಂದನ್ನು ಸ್ವಲ್ಪ ಬಿಡಿಸಿ ನೋಡೋಣ. ಬ್ಯಾರಕ್ ಮಾತು ಏನು ಕೆಲಸ ಮಾಡುತ್ತದೆ ಅನ್ನೋದು ಇದರಲ್ಲಿ ಪೂರ್ತಿ ಕಾಣುತ್ತದೆ.

ಒಬ್ಬ ಸೈನಿಕನ ಮೀನಖಂಡದಲ್ಲಿ ಗುಂಡು ತೂರಿ ಆಚೆ ಹೋಗಿದೆ ಅಂದುಕೊಳ್ಳಿ. ಮೂಳೆಗೆ ತಾಗಿಲ್ಲ. ಅವನನ್ನು ಮೊದಲು ಕಂದಕದ ಹಿಂದಿನ ಪ್ರಥಮ ಚಿಕಿತ್ಸೆಯ ಜಾಗಕ್ಕೆ ಹೊರುತ್ತಾರೆ. ಅಲ್ಲಿಂದ ಗಾಯಕ್ಕೆ ಪಟ್ಟಿ ಕಟ್ಟುವ ಠಾಣೆ. ಆಮೇಲೆ ಶೆಲ್ ತಲುಪದಷ್ಟು ಹಿಂದಿರುವ, ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆ. ಅಲ್ಲಿಂದ ಆಂಬುಲೆನ್ಸ್ ರೈಲು ಹತ್ತಿಸಿ ಎತಾಪ್ಲ್ ಅಥವಾ ರುವಾನ್‌ನಂಥ ಊರಿನ ದೊಡ್ಡ ಆಸ್ಪತ್ರೆಗೆ. ಈ ದಾರಿಯ ಪ್ರತಿ ನಿಲ್ದಾಣದಲ್ಲೂ ಒಬ್ಬ ವೈದ್ಯ ನೋಡುತ್ತಾನೆ, ಅಂಗಿಗೆ ಕಟ್ಟಿದ ಚೀಟಿಯಲ್ಲಿ ಬರೆಯುತ್ತಾನೆ. ಬೇಗ ಮಾಯುವ ಗಾಯವಾದರೆ ಅಲ್ಲೇ ಇಟ್ಟುಕೊಂಡು, ವಾಸಿ ಮಾಡಿ, ಮತ್ತೆ ಕಂದಕಕ್ಕೆ ಕಳಿಸುತ್ತಾರೆ. ವಾಸಿಯಾಗಲು ತಿಂಗಳುಗಳು ಬೇಕೆಂದರೆ ಆಸ್ಪತ್ರೆ ಹಡಗಿಗೆ ಹತ್ತಿಸುತ್ತಾರೆ. ಹಡಗು ಹತ್ತಿದ ಅಂದರೆ ಬ್ಲೈಟಿ. ಊರಿನಲ್ಲಿ ನೀಲಿ ಬಟ್ಟೆ, ಕೆಂಪು ಟೈ ಹಾಕಿಕೊಂಡು ಓಡಾಡುವ ಗಾಯಾಳು ಸೈನಿಕ.

ಅಂದರೆ ಬ್ಲೈಟಿ ಗಾಯಕ್ಕಿರುವ ಅವಕಾಶ ಬಹಳ ಸಣ್ಣದು. ಅಂಗುಲ ಆಚೆ ಹೋದರೆ ಮೂಳೆ ಪುಡಿಯಾಗಿ ಕಾಲೇ ಹೋಗುತ್ತದೆ. ಅಂಗುಲ ಈಚೆ ಬಂದರೆ ಬರೀ ತರಚಿದ ಗಾಯ, ಎರಡು ವಾರದಲ್ಲಿ ವಾಪಸ್. ಅಲ್ಲಿ ಬಿದ್ದವನಿಗೆ ಇದೆಲ್ಲ ಗೊತ್ತು, ಅವನ ಗೆಳೆಯರಿಗೂ ಗೊತ್ತು. ಪಟ್ಟಿ ಕಟ್ಟುವಾಗ ಅವರು "ಅದೃಷ್ಟವಂತ ಬಡ್ಡೀಮಗ, ಬ್ಲೈಟಿ ಹೊಡೆದೆ ನೋಡು" ಅನ್ನುವ ಧಾಟಿಯಲ್ಲೇ ಮಾತಾಡುತ್ತಾರೆ.

ಆ ಒಂದು ಬೈಗುಳದಲ್ಲಿ ಎಷ್ಟು ಕೆಲಸ ನಡೆಯಿತು ನೋಡಿ. ಉಳಿದವರಿಗೆ ಅಸೂಯೆ ಇದೆ. ಅದನ್ನು ಮುಚ್ಚಿಟ್ಟರೆ ಹುಳಿಯಾಗುತ್ತದೆ. ಬೈದು ಹೊರಹಾಕಿದರೆ ಮುಗಿಯಿತು. ಹೋಗುತ್ತಿರುವವನಿಗೆ ನಾಚಿಕೆ ಇದೆ, ಗೆಳೆಯರನ್ನು ಬಿಟ್ಟು ಹೋಗುತ್ತಿದ್ದೇನಲ್ಲ ಅಂತ. ಬೈಗುಳ ಅವನಿಗೆ 'ಹೋಗು, ಇದು ನಿನ್ನ ತಪ್ಪಲ್ಲ, ನಿನ್ನ ಅದೃಷ್ಟ' ಎಂದು ಹೇಳುತ್ತದೆ. ಆ ಗಾಯ ಕೊಳೆತು ಅವನು ಸಾಯಬಹುದು ಎಂಬ ಹೆದರಿಕೆ ಎಲ್ಲರಿಗೂ ಇದೆ. ಆಗ ಪೆನಿಸಿಲಿನ್ ಇರಲಿಲ್ಲ. ಆ ಮಾತನ್ನು ಯಾರೂ ಎತ್ತಬೇಕಾಗಿಲ್ಲ. ಇಷ್ಟನ್ನೂ ನೇರವಾಗಿ ಹೇಳೋಣ ಅಂದರೆ ಗಂಟಲು ಕಟ್ಟುತ್ತದೆ. ಹೊಲಸು ಮಾತಿನ ಮರೆಯಲ್ಲಿ ಹೇಳೋದು ಸುಲಭ.

ಇದು ಬ್ರಿಟಿಷರಿಗೆ ಮಾತ್ರ ಹೊಳೆದ ಮಾತಲ್ಲ. ಎದುರಿನ ಕಂದಕದಲ್ಲಿದ್ದ ಜರ್ಮನರು ಇದಕ್ಕೆ 'ಹೈಮಾಟ್‌ಶುಸ್' ಅನ್ನುತ್ತಿದ್ದರು, ಊರಿಗೆ ಕಳಿಸುವ ಗುಂಡು ಅಂತ. ಫ್ರೆಂಚರು 'ಒಳ್ಳೆ ಗಾಯ' ಅಂದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ನರು 'ಮಿಲಿಯನ್ ಡಾಲರ್ ಗಾಯ' ಎಂದರು. ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದವರು ಒಂದೇ ಆಸೆಗೆ ಬೇರೆ ಬೇರೆ ಹೆಸರಿಟ್ಟರು.

ಈ ಜೋಕಿಗೂ ಒಂದು ಗಡಿ ಇತ್ತು. ತಾನೇ ಗುಂಡು ಹೊಡೆದುಕೊಂಡರೆ ಅದು ಸೇನಾ ನ್ಯಾಯಾಲಯಕ್ಕೆ ಹೋಗುವ ಅಪರಾಧ, ಜೈಲೂ ಆಗಬಹುದಿತ್ತು. ಬ್ಲೈಟಿಗಾಗಿ ಹಂಬಲಿಸೋದು ಎಲ್ಲರೂ ಹಂಚಿಕೊಂಡ ಮಾತು. ಅದನ್ನು ಕೈಯಾರೆ ಮಾಡಿಕೊಂಡವನು ಗುಂಪಿನಿಂದ ಹೊರಗೆ.

ಪ್ರತಿ ಮಾತಿಗೂ ಅದೇ ಒಂದು ಕೆಟ್ಟ ಪದ ಯಾಕೆ? ಬೇರೆ ಮಾತೇ ಇರ್ಲಿಲ್ವಾ?

ಇಂಗ್ಲಿಷಿನ ಎಫ್ ಅಕ್ಷರದ ಬೈಗುಳದ ಬಗ್ಗೆ ತಾನೆ ಕೇಳುತ್ತಿರೋದು? ಬ್ರೋಫಿ, ಪಾರ್ಟ್ರಿಜ್ ಇದನ್ನು ಚೆನ್ನಾಗಿ ಗಮನಿಸಿದ್ದರು. ಆ ಪದ ಎಷ್ಟು ಸವೆದುಹೋಗಿತ್ತು ಅಂದರೆ, ಅದು ಬಂತೆಂದರೆ ಅದರ ಹಿಂದೆಯೇ ಒಂದು ನಾಮಪದ ಬರುತ್ತಿದೆ ಅಂತ ಅಷ್ಟೇ ಅರ್ಥ. ಸಾರ್ಜೆಂಟ್ ಆ ಪದ ಸೇರಿಸಿ 'ನಿಮ್ಮ ರೈಫಲ್ ತಗೊಳ್ಳಿ' ಅಂದರೆ ಅದು ದಿನದ ಕೆಲಸ. ಆ ಪದವನ್ನು ಬಿಟ್ಟು ಬರೀ 'ರೈಫಲ್ ತಗೊಳ್ಳಿ' ಅಂದನೋ, ಎಲ್ಲರ ಕಿವಿ ನೆಟ್ಟಗಾಗುತ್ತಿತ್ತು. ಅಪಾಯ ಹತ್ತಿರ ಬಂದಿದೆ ಅಂತ ಅದರ ಅರ್ಥ.

ಇದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ಯಾವಾಗಲೂ ಬೈಯುವ ಕಡೆ ಬೈಗುಳ ಬಾರದಿದ್ದರೆ ಅದೇ ಸುದ್ದಿ.

ನೋವಿಗೂ ಬೈಗುಳಕ್ಕೂ ಇರುವ ನಂಟನ್ನು ಬ್ರಿಟನ್ನಿನ ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ಮತ್ತು ಜೊತೆಗಾರರು 2009ರಲ್ಲಿ ಪರೀಕ್ಷಿಸಿದರು. ವಿದ್ಯಾರ್ಥಿಗಳು ಕೊರೆಯುವ ತಣ್ಣೀರಿನಲ್ಲಿ ಕೈ ಇಡಬೇಕು. ಬೈಗುಳ ಹೇಳುತ್ತಾ ಇಟ್ಟಾಗ ಅವರು ಸಾದಾ ಪದ ಹೇಳುತ್ತಾ ಇಟ್ಟಾಗಿನದಕ್ಕಿಂತ ಜಾಸ್ತಿ ಹೊತ್ತು ತಡೆದುಕೊಂಡರು. 2011ರಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ದಿನವೆಲ್ಲ ಬೈಯುವ ಅಭ್ಯಾಸ ಇದ್ದವರಿಗೆ ಈ ಲಾಭ ಕಮ್ಮಿ. ಅಂದರೆ ಸವೆದ ಪದ ನೋವಿಗೆ ಔಷಧಿಯಾಗಿ ಅಷ್ಟು ಕೆಲಸ ಮಾಡಲ್ಲ. ಕಂದಕದಲ್ಲಿ ಅದಕ್ಕೆ ಉಳಿದಿದ್ದ ಕೆಲಸ ಬೇರೆ. ಇವನು ನಮ್ಮವನು, ಈಗ ಎಲ್ಲ ಮಾಮೂಲಿಯಾಗಿದೆ ಎಂದು ಹೇಳುತ್ತಿರೋದು.

ಹೊಲಸು ಮಾತಿನಿಂದ ಜನ ಹತ್ತಿರ ಆಗ್ತಾರೆ ಅನ್ನೋದು ನಂಗೆ ಅರ್ಥಾನೇ ಆಗಲ್ಲ. ಬೈದರೆ ಜಗಳ ಆಗಲ್ವಾ?

ಅಪರಿಚಿತನಿಗೆ ಬೈದರೆ ಜಗಳ ಆಗುತ್ತದೆ. ಅದೇ ಇದರ ಗುಟ್ಟು. ಜಗಳ ಆಗಬೇಕಾದ ಮಾತಿಗೆ ಜಗಳ ಆಗಲಿಲ್ಲ ಅಂದರೆ, ಇಬ್ಬರ ನಡುವೆ ಅದನ್ನು ತಡೆಯುವಷ್ಟು ಗಟ್ಟಿ ಏನೋ ಇದೆ ಅಂತ ಎಲ್ಲರಿಗೂ ಕಾಣುತ್ತದೆ. ಬೈಗುಳ ಒಂದು ಪರೀಕ್ಷೆ, ಅದಕ್ಕೆ ಸಿಗುವ ನಗು ಅದರ ಫಲಿತಾಂಶ.

ಮಾನವಶಾಸ್ತ್ರಜ್ಞ ರಾಡ್‌ಕ್ಲಿಫ್-ಬ್ರೌನ್ 1940ರಲ್ಲಿ 'ತಮಾಷೆಯ ಸಂಬಂಧ'ದ ಬಗ್ಗೆ ಬರೆದರು. ಕೆಲವು ಸಮಾಜಗಳಲ್ಲಿ ಕೆಲವು ನೆಂಟರು ಒಬ್ಬರನ್ನೊಬ್ಬರು ಗೇಲಿ ಮಾಡಲೇಬೇಕು, ಗೇಲಿಗೆ ಒಳಗಾದವರು ಕೋಪಿಸಿಕೊಳ್ಳಬಾರದು. ಹತ್ತಿರವೂ ಇರಬೇಕು, ತಿಕ್ಕಾಟವೂ ತಪ್ಪದು ಅನ್ನುವ ಕಡೆ ಇಂಥ ಸಂಬಂಧ ಬೆಳೆಯುತ್ತದೆ ಎಂಬುದು ಅವರ ವಿವರಣೆ. ಬ್ಯಾರಕ್ ಅಂದರೆ ಅಂಥದೇ ಜಾಗ. ಹತ್ತು ಹನ್ನೆರಡು ಜನ ಒಂದೇ ಗುಂಡಿಯಲ್ಲಿ ಮಲಗುತ್ತಾರೆ. ಒಬ್ಬನ ಗೊರಕೆ, ಒಬ್ಬನ ಕಾಲಿನ ವಾಸನೆ, ಒಬ್ಬ ಕದ್ದ ಸಿಗರೇಟು, ಎಲ್ಲಕ್ಕೂ ಸಿಟ್ಟು ಬರುತ್ತದೆ. ಆದರೆ ಬೆಳಿಗ್ಗೆ ಅವನೇ ನಿಮ್ಮ ಪಕ್ಕ ನಿಲ್ಲಬೇಕು. ಎದ್ದು ಹೋಗೋಣ ಅಂದರೆ ಬಾಗಿಲೇ ಇಲ್ಲ.

ಇದಕ್ಕೆ ಷರತ್ತುಗಳಿವೆ, ಅವನ್ನು ಯಾರೂ ಬರೆದಿಟ್ಟಿರಲ್ಲ. ಬೈಸಿಕೊಂಡವನಿಗೆ ತಿರುಗಿ ಬೈಯುವ ಹಕ್ಕಿರಬೇಕು. ಮೂಗು, ಹೊಟ್ಟೆ, ಊರು, ಪ್ರೇಯಸಿ, ಎಲ್ಲದರ ಬಗ್ಗೆಯೂ ಆಡಬಹುದು. ಆದರೆ ಮೊನ್ನೆ ಸತ್ತ ಅವನ ತಮ್ಮನ ಬಗ್ಗೆ ಆಡುವ ಹಾಗಿಲ್ಲ. ಹೊರಗಿನವನು ಅವನಿಗೆ ಅದೇ ಬೈಗುಳ ಬೈದರೆ ಎಲ್ಲರೂ ಅವನ ಪರ ನಿಲ್ಲಬೇಕು. ಈ ಮೂರರಲ್ಲಿ ಮೊದಲನೆಯದು ಬಿದ್ದರೆ ಉಳಿದವು ತಾವಾಗಿ ಬೀಳುತ್ತವೆ.

ಜಾಸ್ತಿ ಬೈಸಿಕೊಳ್ತಿದ್ದವರು ಶತ್ರುಗಳೇ ಅಲ್ವಾ?

ಆಶ್ಚರ್ಯ ಅನಿಸಬಹುದು, ಅಲ್ಲ. ಎದುರಿನವನಿಗೆ 'ಫ್ರಿಟ್ಜ್', 'ಜೆರ್ರಿ' ಎಂದು ಮನುಷ್ಯರ ಹೆಸರನ್ನೇ ಇಟ್ಟಿದ್ದರು. 'ಹುನ್' ಎಂಬ ದ್ವೇಷದ ಪದ ಊರಿನ ಪತ್ರಿಕೆಗಳಲ್ಲಿ ರಾರಾಜಿಸುತ್ತಿತ್ತು. ಎದುರಿನ ಕಂದಕದವನೂ ಅದೇ ಮಳೆಯಲ್ಲಿ ನೆನೆಯುತ್ತಿದ್ದ, ಅದೇ ಹೇನು ಕೆರೆದುಕೊಳ್ಳುತ್ತಿದ್ದ ಅಂತ ಇವರಿಗೆ ಗೊತ್ತಿತ್ತು.

ಹರಿತವಾದ ಮಾತೆಲ್ಲ ಹಿಂದುಗಡೆಯವರಿಗೆ ಮೀಸಲು. ಕಾಲರಿಗೆ ಕೆಂಪು ಪಟ್ಟಿ ಹಾಕಿಕೊಂಡ ಸ್ಟಾಫ್ ಅಧಿಕಾರಿಗಳು 'ರೆಡ್ ಟ್ಯಾಬ್‌'ಗಳು. ಸುರಕ್ಷಿತ ಜಾಗದಲ್ಲಿ ಉಳಿದವನು 'ಬೇಸ್ ವಾಲಾ', ನಮ್ಮ 'ವಾಲಾ'ನೇ ಅದು. ಸೇನಾ ವೈದ್ಯಕೀಯ ದಳದ ಹೆಸರಿನ ನಾಲ್ಕು ಮೊದಲಕ್ಷರ ಆರ್‌ಎಎಂಸಿ. ಅದನ್ನು 'ನನ್ನ ಗೆಳೆಯರನ್ನೆಲ್ಲ ದೋಚಿ' ಅಂತ ಬರುವ ಹಾಗೆ ಬಿಡಿಸಿದ್ದರು. ಏನೇ ಕಾಯಿಲೆ ಅಂತ ಹೋದರೂ ಸಿಗುತ್ತಿದ್ದದ್ದು ಒಂಬತ್ತನೇ ನಂಬರಿನ ಗುಳಿಗೆ, ಭೇದಿ ಔಷಧಿ. 'ನಂಬರ್ ನೈನ್' ಅಂದರೆ ಸಾಕು, ಇಡೀ ವ್ಯವಸ್ಥೆಯ ಮೇಲಿನ ದೂರು ಅದರಲ್ಲಿ ಬಂದುಬಿಡುತ್ತಿತ್ತು.

ಅಧಿಕಾರಿಯ ಮುಖಕ್ಕೆ ಹೇಳಿದರೆ ಶಿಕ್ಷೆ. ಬೆನ್ನ ಹಿಂದೆ ನಕ್ಕರೆ ಯಾರೂ ಶಿಕ್ಷೆ ಕೊಡಲಾರರು. ತಿಳಿದ ಅಧಿಕಾರಿಗಳು ಇದನ್ನು ಕೇಳಿಸಿಕೊಂಡೂ ಕೇಳಿಸದವರ ಹಾಗೆ ಇರುತ್ತಿದ್ದರು. 1916ರ ಫೆಬ್ರವರಿಯಲ್ಲಿ ಕ್ಯಾಪ್ಟನ್ ಫ್ರೆಡ್ ರಾಬರ್ಟ್ಸ್ ಹಾಳುಬಿದ್ದ ಈಪ್ರದಲ್ಲಿ ಸಿಕ್ಕ ಅಚ್ಚುಯಂತ್ರದಿಂದ ಒಂದು ಕಂದಕ ಪತ್ರಿಕೆಯನ್ನೇ ಶುರುಮಾಡಿದ. ಅದರಲ್ಲೂ ಗೇಲಿಗೆ ಸಿಕ್ಕವರು ಇದೇ ಹಿಂದುಗಡೆಯವರು.

ಗಾಳಿಸುದ್ದಿಗೆ ಸೈನ್ಯದಲ್ಲಿ ಬೇರೆ ಹೆಸರಿದೆಯಂತೆ?

ಇದೆ. ಆಸ್ಟ್ರೇಲಿಯದವರು 'ಫರ್ಫಿ' ಅಂದರು. 1914ರಲ್ಲಿ ತರಬೇತಿ ಶಿಬಿರಕ್ಕೆ ನೀರು ತರುತ್ತಿದ್ದ ಗಾಡಿಗಳ ಮೇಲೆ ಬರೆದಿದ್ದ ತಯಾರಕರ ಹೆಸರು ಅದು. ನೀರಿನ ಗಾಡಿಯ ಸುತ್ತ ಜನ ಸೇರುತ್ತಿದ್ದರು, ಅಲ್ಲೇ ಸುದ್ದಿ ಹುಟ್ಟುತ್ತಿತ್ತು. ನೌಕಾಪಡೆಯ 'ಸ್ಕಟಲ್‌ಬಟ್' ಕುಡಿಯುವ ನೀರಿನ ಪೀಪಾಯಿ. ಬ್ರಿಟಿಷರು, ಜರ್ಮನರು ಇಬ್ಬರೂ ಪಾಯಿಖಾನೆಯ ಹೆಸರು ಹಿಡಿದರು. ಭಾರತೀಯ ಸೇನೆಯಲ್ಲಿ 'ಲಂಗರ್ ಗಪ್', ಅಡುಗೆಮನೆ ಹರಟೆ. ಅಧಿಕಾರಿ ಇಲ್ಲದ ಕಡೆ ಮಾತು ಹುಟ್ಟುತ್ತದೆ ಅನ್ನೋದನ್ನು ಈ ಹೆಸರುಗಳೇ ಹೇಳುತ್ತವೆ.

## ಕಷ್ಟದ ಪ್ರಶ್ನೆಗಳು

ಹೊಸಬರಿಗೆ ಹೆಸರೇ ಇಲ್ಲ, ಬರೀ ಬೈಗುಳ ಅಂತಾರೆ. ಇದು ರ್ಯಾಗಿಂಗ್ ಅಲ್ವಾ?

ಕೆಲವು ಸಲ ಹೌದು, ಕೆಲವು ಸಲ ಅಲ್ಲ. ವಿಯೆಟ್ನಾಂನಲ್ಲಿದ್ದ ಅಮೆರಿಕನ್ನರು ಹೊಸಬನನ್ನು ಮೂರಕ್ಷರದಿಂದ ಕರೆಯುತ್ತಿದ್ದರು, ಎಫ್‌ಎನ್‌ಜಿ. ಮೊದಲ ಅಕ್ಷರ ಆ ಹಳೆಯ ಬೈಗುಳ, ಉಳಿದೆರಡು 'ಹೊಸ ಹುಡುಗ'. ಆ ಯುದ್ಧದಲ್ಲಿ ಸೈನಿಕರು ತಂಡವಾಗಿ ಬಂದು ತಂಡವಾಗಿ ಹೋಗುತ್ತಿರಲಿಲ್ಲ. ಸಾಮಾನ್ಯವಾಗಿ ಒಬ್ಬೊಬ್ಬರೇ ಬಂದು, ಒಂದು ವರ್ಷ ಕಳೆದು, ಒಬ್ಬೊಬ್ಬರೇ ಹೋಗುತ್ತಿದ್ದರು. ಹೊಸಬ ಬಂದ ಅಂದರೆ ಯಾರೋ ಸತ್ತ ಅಥವಾ ಊರಿಗೆ ಹೋದ ಅಂತ. ಕಾಡಿನಲ್ಲಿ ಅವನ ಒಂದು ತಪ್ಪು ಹೆಜ್ಜೆಗೆ ಎಲ್ಲರೂ ಬಲಿ. ಅವನ ಹೆಸರು ಕಲಿತು, ನಾಲ್ಕು ದಿನದಲ್ಲಿ ಅವನೇ ಸತ್ತರೆ ಆ ದುಃಖ ಬೇರೆ. ಹೆಸರು ತಡವಾಗಿ ಕೊಡೋದು ತಮ್ಮನ್ನು ತಾವು ಕಾಪಾಡಿಕೊಳ್ಳುವ ದಾರಿಯೂ ಆಗಿತ್ತು. ಆದರೆ ಆ ಹೆಸರಿಗೆ ಕೊನೆಯಿತ್ತು. ಕೆಲಸ ಕಲಿತ ಮೇಲೆ, ಇನ್ನೊಬ್ಬ ಹೊಸಬ ಬಂದ ಮೇಲೆ, ಅದು ಕಳಚಿಬೀಳುತ್ತಿತ್ತು.

ಇದರ ಪಕ್ಕದಲ್ಲಿ ಸೋವಿಯತ್, ಆಮೇಲೆ ರಷ್ಯನ್ ಸೇನೆಯ 'ದೆದೊವ್‌ಶ್ಚಿನಾ' ಇಟ್ಟು ನೋಡಿ. ಕಡ್ಡಾಯ ಸೇವೆಗೆ ಹೊಸದಾಗಿ ಬಂದವನು 'ದುಖ್', ಅಂದರೆ ಪ್ರೇತ, ದೇಹವೇ ಇಲ್ಲದವನು. ಸೇವೆ ಮುಗಿಯಲು ಬಂದವನು 'ದೆದ್', ತಾತ. ಪ್ರೇತ ತಾತನ ಬಟ್ಟೆ ಒಗೆಯಬೇಕು, ಹೊಡೆಸಿಕೊಳ್ಳಬೇಕು, ಹಣ ಕೊಡಬೇಕು. ಎದುರುತ್ತರ ಕೊಡುವ ಹಾಗಿಲ್ಲ. ಇದರಿಂದ ಹುಡುಗರು ಅಂಗವಿಕಲರಾದರು, ಸತ್ತರು. 2007, 2008ರಲ್ಲಿ ಎರಡು ಹಂತದಲ್ಲಿ ಕಡ್ಡಾಯ ಸೇವೆಯನ್ನು ಎರಡು ವರ್ಷದಿಂದ ಒಂದು ವರ್ಷಕ್ಕೆ ಇಳಿಸಿದಾಗ ಹಿರಿ-ಕಿರಿ ಸೈನಿಕರ ಅಂತರ ಕಮ್ಮಿಯಾಯಿತು. ಎರಡು ಕಡೆಯೂ ಹೊಸಬನಿಗೆ ಕೆಟ್ಟ ಹೆಸರೇ. ಒಂದು ಕಡೆ ಆ ಹೆಸರು ಅವನನ್ನು ಕೆಲಸಕ್ಕೆ ತಯಾರು ಮಾಡಿತು, ಇನ್ನೊಂದು ಕಡೆ ಆಳು ಮಾಡಿತು.

ಇಂಥ ಮಾತು ಯಾವಾಗ ವಿಷ ಆಗುತ್ತೆ? ಮೊದಲೇ ಗೊತ್ತಾಗುತ್ತಾ?

ಪದ ಎಷ್ಟು ಹೊಲಸು ಅನ್ನೋದರಿಂದ ಗೊತ್ತಾಗಲ್ಲ. ಅದು ಯಾರ ಕಡೆ ತಿರುಗಿದೆ ಅನ್ನೋದರಿಂದ ಗೊತ್ತಾಗುತ್ತದೆ. ಶೆಲ್ ಕಡೆ, ಸಾವಿನ ಕಡೆ, ಮೇಲಧಿಕಾರಿ ಕಡೆ, ತನ್ನ ಕಡೆ ತಿರುಗಿದ್ದಷ್ಟು ದಿನ ಅದು ಗುಂಪನ್ನು ಹಿಡಿದಿಡುತ್ತದೆ. ಕೈಲಾಗದವನ ಕಡೆ ತಿರುಗಿದರೆ ಕಥೆಯೇ ಬೇರೆ.

ವಿಯೆಟ್ನಾಂನಲ್ಲಿ ಅಮೆರಿಕನ್ ಸೈನಿಕರ ಬಾಯಲ್ಲಿ 'ಗೂಕ್' ಎಂಬ ಪದ ಇತ್ತು, ಏಷ್ಯಾದ ಹಿಂದಿನ ಯುದ್ಧಗಳಿಂದ ಉಳಿದುಬಂದದ್ದು. 'ಫ್ರಿಟ್ಜ್' ಎಂದರೆ ಎದುರಿನ ಸೈನಿಕ ಮಾತ್ರ. 'ಗೂಕ್' ಹಾಗಲ್ಲ. ಬಂದೂಕು ಹಿಡಿದವನೂ ಅದೇ, ಗದ್ದೆಯಲ್ಲಿ ನಾಟಿ ಮಾಡುವ ಮುದುಕಿಯೂ ಅದೇ, ತಮ್ಮ ಪರವೇ ಹೋರಾಡುತ್ತಿದ್ದ ದಕ್ಷಿಣ ವಿಯೆಟ್ನಾಂ ಸೈನಿಕನೂ ಅದೇ. ಯಾರಿಗೆ ಗುಂಡು ಹೊಡೆಯಬಹುದು, ಯಾರಿಗೆ ಹೊಡೆಯಬಾರದು ಎಂಬ ಗೆರೆಯನ್ನೇ ಆ ಪದ ಅಳಿಸಿತು. 1968ರ ಮಾರ್ಚ್ 16ರಂದು ಮಿ ಲಾಯ್ ಹಳ್ಳಿಯಲ್ಲಿ ಅಮೆರಿಕನ್ ಸೈನಿಕರು ನಿರಾಯುಧ ಜನರನ್ನು ಕೊಂದರು. ಅಮೆರಿಕದ ಸೇನೆಯ ಲೆಕ್ಕ 347, ವಿಯೆಟ್ನಾಮಿನ ಲೆಕ್ಕ 504. ಒಂದು ಪದವೇ ಇದನ್ನು ಮಾಡಿಸಿತು ಅಂತ ನಾನು ಹೇಳಲ್ಲ. ಆದೇಶ, ಸೇಡು, ಕೆಟ್ಟ ನಾಯಕತ್ವ ಎಲ್ಲ ಇದ್ದವು. ಆದರೆ ಗುರಿ ಇಡುವ ಕೈಗೆ ಅಡ್ಡ ಬರಬೇಕಾಗಿದ್ದ ಒಂದು ಮಾತು ಮೊದಲೇ ಸತ್ತಿತ್ತು.

ಗುಂಪಿನ ಒಳಗೂ ಸುಳಿವು ಸಿಗುತ್ತದೆ. ಯಾವಾಗಲೂ ಒಬ್ಬನೇ ಬೈಸಿಕೊಳ್ಳುತ್ತಿದ್ದರೆ, ಅವನು ತಿರುಗಿ ಬೈದ ದಿನ ಎಲ್ಲರೂ ಸುಮ್ಮನಾದರೆ, ಅದು ತಮಾಷೆ ಅಲ್ಲ. ಸಾಕು ಅಂದಾಗ ನಿಲ್ಲದಿದ್ದರೆ ಅಲ್ಲ. ಮೊದಲು ಎಲ್ಲದಕ್ಕೂ ನಗುತ್ತಿದ್ದ ಗುಂಪು ನಗು ನಿಲ್ಲಿಸಿ, ಅದೇ ಬೈಗುಳಗಳನ್ನು ಚಪ್ಪಟೆ ದನಿಯಲ್ಲಿ ಹೇಳತೊಡಗಿದರೆ ಆ ಗುಂಪು ಬಳಲಿ ಹೋಗಿದೆ. ಒಳ್ಳೆಯ ಸಾರ್ಜೆಂಟ್ ಬೈಗುಳವನ್ನು ನಿಷೇಧಿಸಲ್ಲ. ನಿಷೇಧಿಸಿದರೆ ಅದು ಅವನ ಕಿವಿಗೆ ಬೀಳೋದು ನಿಲ್ಲುತ್ತದೆ ಅಷ್ಟೇ. ಅವನು ಯಾರು ಯಾರಿಗೆ ಬೈಯುತ್ತಿದ್ದಾರೆ ಅಂತ ಕೇಳಿಸಿಕೊಳ್ಳುತ್ತಾನೆ, ದಿಕ್ಕು ತಪ್ಪಿದ ದಿನ ಅಡ್ಡ ನಿಲ್ಲುತ್ತಾನೆ.

ನನ್ನ ತಮ್ಮ ಸೇನೆಯಿಂದ ರಜೆಗೆ ಬಂದಾಗ ಸಾವಿನ ಬಗ್ಗೆ ಜೋಕ್ ಹೊಡೀತಾನೆ. ನಮಗೆ ಭಯ ಆಗುತ್ತೆ. ಏನು ಮಾಡೋದು?

ಆ ಜೋಕು ಹುಟ್ಟಿದ್ದು ಬೇರೆ ಕೋಣೆಯಲ್ಲಿ. ಅಲ್ಲಿ ಕೇಳುವವರ ಕೊರಳಿಗೂ ಅದೇ ಹಗ್ಗ ಇತ್ತು, ಇಲ್ಲಿ ಇಲ್ಲ. ಹಾಗಾಗಿ ಅದು ಮನೆಯಲ್ಲಿ ಒರಟಾಗಿ ಕೇಳಿಸುತ್ತದೆ. ಹೆಚ್ಚಿನ ಸಲ ಅವನು ನಿಮಗೆ ಏನೋ ಹೇಳಲು ನೋಡುತ್ತಿದ್ದಾನೆ, ಅವನಿಗೆ ಬರುವ ಭಾಷೆ ಅದೊಂದೇ. ಗದರಿದರೆ ಆ ಬಾಗಿಲೂ ಮುಚ್ಚುತ್ತದೆ. ಬಲವಂತಕ್ಕೆ ನಗಬೇಕಾಗಿಯೂ ಇಲ್ಲ. "ಆಮೇಲೆ ಏನಾಯ್ತು?" ಅಂತ ಕೇಳಿ. ಸುಮ್ನೆ ಕೇಳಿಸಿಕೊಳ್ಳಿ.

ಗಮನಿಸಬೇಕಾದ್ದು ಬೇರೆ ಇದೆ. ಜೋಕಿನಲ್ಲಿ 'ನಾವು' ಹೋಗಿ ಬರೀ 'ನಾನು' ಉಳಿದರೆ, ತಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು ಎನ್ನುವ ಧಾಟಿ ಬಂದರೆ, ಜೊತೆಗಾರರ ಫೋನಿಗೂ ಅವನು ಉತ್ತರಿಸದಿದ್ದರೆ, ಅದನ್ನು ಜೋಕು ಎಂದು ಬಿಡಬೇಡಿ. "ಸಾಯಬೇಕು ಅನಿಸ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟಿಕೊಳ್ಳಲ್ಲ. ಹೌದು ಅಂದರೆ ಅವನನ್ನು ಒಬ್ಬನೇ ಬಿಡಬೇಡಿ, ಆ ದಿನವೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

'ಚಾಟ್' ಮಾಡೋದು ಅನ್ನೋ ಪದ ಹೇನು ಹೆಕ್ಕೋದರಿಂದ ಬಂತು ಅಂತ ಓದಿದೆ. ಸರಿನಾ?

ತಪ್ಪು. ಕಂದಕದಲ್ಲಿ ಹೇನಿಗೆ 'ಚಾಟ್' ಅನ್ನುತ್ತಿದ್ದದ್ದು ನಿಜ. ಗುಂಪಾಗಿ ಕೂತು, ಅಂಗಿಯ ಹೊಲಿಗೆಗೆ ಮೇಣದಬತ್ತಿ ಹಿಡಿದು ಹೇನು ಸುಡುತ್ತಾ ಹರಟುತ್ತಿದ್ದದ್ದೂ ನಿಜ. ಆದರೆ ಹರಟೆ ಎಂಬ ಅರ್ಥದ 'ಚಾಟ್' ಆ ಯುದ್ಧಕ್ಕಿಂತ ನೂರಾರು ವರ್ಷ ಹಳೆಯದು, 'ಚಾಟರ್' ಎಂಬ ಪದದಿಂದ ಮೊಟಕಾದದ್ದು. ಸೈನಿಕರ ಪದಗಳಿಗೆ ಇಂಥ ಅಂದದ ಹುಟ್ಟುಕಥೆಗಳು ಬಹಳ. ಪದ ಯುದ್ಧಕ್ಕಿಂತ ಮೊದಲೇ ಅಚ್ಚಾಗಿತ್ತಾ ಅಂತ ನೋಡಿದರೆ ಅರ್ಧ ಕಥೆಗಳು ಅಲ್ಲೇ ಬಿದ್ದುಹೋಗುತ್ತವೆ.

ಯುದ್ಧ ಮುಗಿದ ಮೇಲೆ ಆ ಪದಗಳೆಲ್ಲ ಏನಾದವು?

'ಕುಶಿ' ಕೆಲಸ ಇಂಗ್ಲಿಷಿನಲ್ಲಿ ಇವತ್ತಿಗೂ ಇದೆ. ಬ್ರಿಟನ್ನಿಗೆ 'ಬ್ಲೈಟಿ' ಅನ್ನುವವರೂ ಇದ್ದಾರೆ, ಆದರೆ ಗಾಯದ ಅರ್ಥ ಹೋಯಿತು. 'ವಿಜ್-ಬ್ಯಾಂಗ್' ಈಗ ಹೊಳೆಯುವ ಹೊಸ ಯಂತ್ರಕ್ಕೆ ಹೇಳುವ ಮಾತು. 'ನಾಪೂ' ಹೆಚ್ಚುಕಮ್ಮಿ ಸತ್ತೇಹೋಯಿತು. ಅದು ಬದುಕಬೇಕಾದರೆ ಖಾಲಿಯಾದ ಮೊಟ್ಟೆಬುಟ್ಟಿಯನ್ನೂ ಖಾಲಿಯಾದ ಹಾಸಿಗೆಯನ್ನೂ ಒಂದೇ ದಿನ ನೋಡಿದವರು ಬೇಕಿತ್ತು. ಅವರು ಹಳೆಯ ಜೊತೆಗಾರರು ಸೇರಿದಾಗ ಅದನ್ನು ಆಡಿಕೊಂಡರು, ಮನೆಗೆ ಬಂದಾಗ ಆಡಲಿಲ್ಲ.